ಇತಿಹಾಸವಿಲ್ಲದ ಸಾಲಿಡ್ ಅನ್ನು ತಿದ್ದುವ ಬಗೆ

ಗಿರಾಕಿ ಕಳಿಸಿದ ಸ್ಟೆಪ್ ಫೈಲನ್ನು ಸಾಲಿಡ್‌ವರ್ಕ್ಸ್‌ನಲ್ಲಿ ತೆರೆದರೆ ಟ್ರೀಯಲ್ಲಿ ಕಾಣುವುದು Imported1 ಎಂಬ ಒಂದು ಸಾಲು. ಸ್ಕೆಚ್ ಇಲ್ಲ, ತಿದ್ದಲು ಒಂದು ಅಳತೆಯೂ ಇಲ್ಲ. 1994ರಲ್ಲಿ ಐಎಸ್‌ಒ 10303 ಆಗಿ ಬಂದ ಸ್ಟೆಪ್, ಸಾಮಾನ್ಯವಾಗಿ ವಸ್ತುವಿನ ಮುಖ ಮತ್ತು ಅಂಚುಗಳನ್ನಷ್ಟೇ ಸಾಗಿಸುತ್ತದೆ. ಅದನ್ನು ಕಟ್ಟಿದ ಕ್ರಮ ಕಳಿಸಿದವರಲ್ಲೇ ಉಳಿಯುತ್ತದೆ.

ಆ ಕ್ರಮವನ್ನೇ ಮಾದರಿಯ ಜೀವಾಳವಾಗಿಸಿದ್ದು 1980ರ ದಶಕದ ಕೊನೆಗೆ ಬಂದ ಪ್ರೊ/ಎಂಜಿನಿಯರ್. ಮೊದಲ ಸ್ಕೆಚ್ಚಿನ ಅಳತೆ ತಿದ್ದಿದರೆ ಮುಂದಿನ ಫೀಚರ್‌ಗಳೆಲ್ಲ ಮರುಲೆಕ್ಕವಾಗುತ್ತವೆ. 1992ರಲ್ಲಿ ಎಚ್‌ಪಿ ತಂದ ಸಾಲಿಡ್‌ಡಿಸೈನರ್ ಹಿಡಿದ ದಾರಿ ಬೇರೆ: ಕ್ರಮದ ಗೊಡವೆಯೇ ಇಲ್ಲದೆ ಮುಖವನ್ನೇ ಎಳೆಯುವುದು. 2007ರಲ್ಲಿ ಪ್ರೊ/ಎಂಜಿನಿಯರ್‌ನ ಪಿಟಿಸಿ ಕಂಪನಿಯೇ ಸಾಲಿಡ್‌ಡಿಸೈನರ್‌ನ ವಾರಸುದಾರ ಕೋಕ್ರಿಯೇಟನ್ನು ಕೊಂಡಿತು. 2008ರಲ್ಲಿ ಸೀಮೆನ್ಸ್ ಸಿಂಕ್ರೊನಸ್ ತಂತ್ರಜ್ಞಾನ ತಂದಿತು. ಈಗ ಒಂದೇ ತಂತ್ರಾಂಶದಲ್ಲಿ ಎರಡೂ ಸಿಗುತ್ತವೆ, ಹಾಗಾಗಿ ಯಾವುದನ್ನು ಬಳಸಬೇಕೆಂಬ ತಲೆನೋವು ಡಿಸೈನರ್‌ಗೆ ಬಂದಿದೆ.

ಒಂದು ಗೇರ್‌ಬಾಕ್ಸ್ ಮುಚ್ಚಳ ತೆಗೆದುಕೊಳ್ಳಿ. 6204 ಬೇರಿಂಗ್ ಕೂರುವ ಜಾಗದಲ್ಲಿ 6205 ಕೂರಿಸಬೇಕು. ಬೋರಿನ ವ್ಯಾಸ 47 ಮಿ.ಮೀ.ಯಿಂದ 52ಕ್ಕೆ, ಆಳ 14ರಿಂದ 15ಕ್ಕೆ ಏರಬೇಕು. ಬೋರಿನ ಗೋಡೆಯನ್ನು 2.5 ಮಿ.ಮೀ. ಹೊರಕ್ಕೆ, ತಳವನ್ನು 1 ಮಿ.ಮೀ. ಒಳಕ್ಕೆ ಸರಿಸಿದರೆ ಮುಗಿಯಿತು. Move Faceಗೆ ಇದು ಹೇಳಿ ಮಾಡಿಸಿದ ಕೆಲಸ. ಆದರೆ ಬಾಸ್‌ನ ಹೊರವ್ಯಾಸ 60 ಇದ್ದರೆ 6.5 ಇದ್ದ ಗೋಡೆ 4 ಮಿ.ಮೀ.ಗೆ ಇಳಿಯುತ್ತದೆ. ಹೊರಮುಖವನ್ನೂ ದಪ್ಪಗೊಳಿಸಬೇಕು, ಅಲ್ಲೇ ತಕರಾರು ಶುರು. ಬುಡದ ಫಿಲೆಟ್ ಈಗ ಫಿಲೆಟ್ ಅಲ್ಲ, ಬರೀ ಒಂದು ಬಾಗಿದ ಮುಖ. ತಂತ್ರಾಂಶ ಅದನ್ನು ಗುರುತಿಸದಿದ್ದರೆ ಎರರ್ ಕೊಡುತ್ತದೆ. ಆಗ ಮೊದಲು Delete Faceನಿಂದ ಫಿಲೆಟ್ ತೆಗೆದು, ಅಕ್ಕಪಕ್ಕದ ಮುಖಗಳು ಬೆಳೆದು ಸೇರಿದ ಮೇಲೆ ಬಾಸ್ ಹಿಗ್ಗಿಸಿ, ಕೊನೆಗೆ ಹೊಸ ಫಿಲೆಟ್ ಹಾಕಬೇಕು. ಪಕ್ಕದ ರಿಬ್‌ನ ಫಿಲೆಟ್ ಕೂಡ ಇದಕ್ಕೆ ಅಂಟಿಕೊಂಡಿದ್ದರೆ ಅದನ್ನೂ ಜೊತೆಗೇ ಕೀಳಬೇಕಾಗುತ್ತದೆ.

ಕೈಹಾಕುವ ಮೊದಲೇ ಬೋರನ್ನು ಅಳೆದು ನೋಡುವುದು ಒಳ್ಳೆಯದು. ವ್ಯಾಸ ತೋರಿಸಿದರೆ ಅದು ನಿಜವಾದ ಸಿಲಿಂಡರ್. ತೋರಿಸದಿದ್ದರೆ ಬಹುಶಃ ಅದು ಸ್ಪ್ಲೈನ್ ಮುಖವಾಗಿ ಬಂದಿದೆ. ಎಳೆದು ಸರಿಪಡಿಸುತ್ತೇನೆಂದು ಹಟ ಹಿಡಿಯಬಾರದು.

ಅಂಥ ಕಡೆ, ಅಥವಾ ನಾಳೆ 6206ಕ್ಕೂ ಇದೇ ಮುಚ್ಚಳ ಬೇಕೆಂಬ ಸುಳಿವಿದ್ದರೆ, ನಾನು ಹಳೆಯ ಬೋರನ್ನು ಘನವಾಗಿ ತುಂಬಿ, ಬಾಸ್ ಮತ್ತು ಬೋರನ್ನು ಸ್ಕೆಚ್‌ನಿಂದ ಹೊಸದಾಗಿ ಕಟ್ಟುತ್ತೇನೆ. ಬದಲಾಗುವ ಭಾಗಕ್ಕಷ್ಟೇ ಇತಿಹಾಸ ಸಾಕು. ಇಡೀ ಮುಚ್ಚಳಕ್ಕೆ ಫೀಚರ್ ಗುರುತಿಸುವ ಸವಲತ್ತು ಓಡಿಸುವುದು ಹೆಚ್ಚಿನ ಸಲ ದಂಡ. ಡ್ರಾಫ್ಟ್ ಇರುವ ಎರಕದ ಭಾಗಗಳಲ್ಲಂತೂ ಅದು ಅರ್ಧದಲ್ಲೇ ಕೈಕೊಡುತ್ತದೆ.

ಗಿರಾಕಿ ಹೊಸ ಸ್ಟೆಪ್ ಕಳಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಇತಿಹಾಸವಿಲ್ಲದ ಮೋಡ್‌ನಲ್ಲಿ ಎಳೆದ ಬದಲಾವಣೆಗಳನ್ನು ಮತ್ತೆ ಕೈಯಾರೆ ಮಾಡಬೇಕು. Imported1ರ ಕೆಳಗೆ ಫೀಚರ್ ಆಗಿ ಕೂತ Move Face ಉಳಿಯುತ್ತದೆ, ಆದರೆ ಅದು ಹಿಡಿದುಕೊಂಡಿದ್ದ ಮುಖದ ಗುರುತು ತಪ್ಪಿ ಕೆಂಪಾಗಬಹುದು. ಆ ಮುಖವನ್ನು ಮತ್ತೊಮ್ಮೆ ಆರಿಸಿಕೊಡಬೇಕು. ಹೊಸ ಬೋರಿನ ಸ್ಕೆಚ್ಚನ್ನು ಆಮದಾದ ಅಂಚುಗಳಿಗೆ ಕಟ್ಟದೆ ಮೂಲ ಪ್ಲೇನ್‌ಗಳಿಂದ ಅಳತೆ ಕೊಟ್ಟು ಬರೆದಿದ್ದರೆ, ಗಿರಾಕಿ ಮೂಲಬಿಂದುವನ್ನು ಸರಿಸದಿರುವವರೆಗೆ, ಅದು ಇದ್ದಲ್ಲೇ ಇರುತ್ತದೆ.