ತೆರಿಗೆ ನಂತರದ ಲಾಭದ ಗುರಿಯಿಂದ ಮಾರಾಟ ಬೆಲೆ

ತೆರಿಗೆ ಕಟ್ಟಿದ ಮೇಲೆ ಇಂತಿಷ್ಟು ಉಳಿಯಬೇಕೆಂದು ಮೊದಲೇ ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬೆಲೆ ಕಟ್ಟುವ ಕ್ರಮ. ಭಾರತದಲ್ಲಿ ಪಾಲುದಾರಿಕೆ ಸಂಸ್ಥೆಯ ಆದಾಯ ತೆರಿಗೆ ಶೇ. 30; ಅದರ ಮೇಲೆ ಶೇ. 4 ಸೆಸ್ ಸೇರಿ ಶೇ. 31.2. ಅಂದರೆ ಲಾಭದ ಪ್ರತಿ ರೂಪಾಯಿಯಲ್ಲಿ ಉಳಿಯುವುದು 68.8 ಪೈಸೆ.

ಉಪ್ಪಿನಕಾಯಿ ತಯಾರಿಸುವ ಇಂಥದೊಂದು ಸಂಸ್ಥೆಗೆ ವರ್ಷಕ್ಕೆ 3,44,000 ರೂ. ನಿವ್ವಳ ಲಾಭ ಬೇಕೆನ್ನೋಣ. ಅದನ್ನು 0.688ರಿಂದ ಭಾಗಿಸಿದರೆ ತೆರಿಗೆಪೂರ್ವ ಲಾಭ 5,00,000 ರೂ. ಬಾಡಿಗೆ, ಸಂಬಳದಂಥ ಸ್ಥಿರ ವೆಚ್ಚ 7,00,000 ರೂ. ಕೂಡಿಸಿ 10,000 ಬಾಟಲಿಗೆ ಹಂಚಿದರೆ ತಲಾ 120 ರೂ.; ಬಾಟಲಿಯೊಂದರ ಸಾಮಗ್ರಿ, ಕೂಲಿ 180 ರೂ. ಬೆಲೆ 300 ರೂ. ಜಿಎಸ್‌ಟಿ ಬೇರೆ.

ಗುರಿಗೆ ಶೇ. 31.2 ಕೂಡಿಸಿಬಿಡುವುದು ಸಾಮಾನ್ಯ ತಪ್ಪು. ತೆರಿಗೆ ಬೀಳುವುದು ಇಡೀ ಲಾಭದ ಮೇಲೆ. ಹಾಗೆ ಮಾಡಿದರೆ ಕೈಗೆ ಸುಮಾರು 3,10,500 ರೂ. ಮಾತ್ರ ಬರುತ್ತದೆ. ಬಾಟಲಿಗಳು 10,000ಕ್ಕಿಂತ ಕಡಿಮೆ ಖರ್ಚಾದರೂ ಗುರಿ ತಪ್ಪುತ್ತದೆ.