ಅನಂತಸ್ಪರ್ಶಕದ ಬಳಿ ನಿಷ್ಪನ್ನಗಳ ಚಿಹ್ನೆ: f(x) = x³/(x² − 1) ನಕ್ಷೆಯ ಒಂದು ವಿಶ್ಲೇಷಣೆ

ಭಾಗಲಬ್ಧ ಉತ್ಪನ್ನದ ನಕ್ಷೆ ಎಳೆಯುವಾಗ ಮೊದಲನೆಯ ಮತ್ತು ಎರಡನೆಯ ನಿಷ್ಪನ್ನಗಳು ಸೊನ್ನೆಯಾಗುವ ಬಿಂದುಗಳನ್ನು ಎಲ್ಲರೂ ಹುಡುಕುತ್ತಾರೆ. ಛೇದ ಸೊನ್ನೆಯಾಗುವ ಬಿಂದುಗಳನ್ನು ಲಂಬ ಅನಂತಸ್ಪರ್ಶಕದ ಗೆರೆ ಹಾಕಿ ಮರೆತುಬಿಡುವುದೇ ಹೆಚ್ಚು. ನಿಷ್ಪನ್ನಗಳ ಚಿಹ್ನೆಯನ್ನು ಆ ಬಿಂದುಗಳೂ ನಿರ್ಧರಿಸುತ್ತವೆ ಎಂಬುದನ್ನು f(x) = x³/(x² − 1) ಎಂಬ ಒಂದೇ ಉದಾಹರಣೆಯಿಂದ ತೋರಿಸುವುದು ಈ ಲೇಖನದ ಉದ್ದೇಶ. y(x² − 1) = x³ ಎಂದು ಬರೆದರೆ ಇದು ಮೂರನೆಯ ಘಾತದ ವಕ್ರರೇಖೆ; ಅಂಥ ರೇಖೆಗಳ ವರ್ಗೀಕರಣವನ್ನು ನ್ಯೂಟನ್ 1704ರಲ್ಲಿ ಪ್ರಕಟಿಸಿದ್ದ.

ನೇರವಾಗಿ ಭಾಗಲಬ್ಧ ಸೂತ್ರ ಹಚ್ಚುವುದಕ್ಕಿಂತ ಮೊದಲು ಭಾಗಾಕಾರ ಮಾಡಿ, ಉಳಿದದ್ದನ್ನು ಆಂಶಿಕ ಭಿನ್ನರಾಶಿಗಳಾಗಿ ಒಡೆಯುವುದು ಲೇಸು:

f(x) = x + ½[1/(x − 1) + 1/(x + 1)]

ಮೂರು ಅನಂತಸ್ಪರ್ಶಕಗಳೂ ಇಲ್ಲಿಯೇ ಕಾಣುತ್ತವೆ: x = 1, x = −1 ಮತ್ತು ಓರೆಯಾದ y = x. ಉತ್ಪನ್ನವು ಬೆಸವಾದ್ದರಿಂದ ನಕ್ಷೆ ಮೂಲಬಿಂದುವಿನ ಸುತ್ತ ಸಮಮಿತ. ನಿಷ್ಪನ್ನಗಳನ್ನು ಪದಪದವಾಗಿ ತೆಗೆದು ಮತ್ತೆ ಕೂಡಿಸಿದರೆ ಹೀಗಾಗುತ್ತದೆ:

f′(x) = x²(x² − 3)/(x² − 1)²
f″(x) = 2x(x² + 3)/(x² − 1)³

f′ ಸೊನ್ನೆಯಾಗುವುದು 0 ಮತ್ತು ±√3ರಲ್ಲಿ. √3ರ ಎಡಕ್ಕೆ f′ ಋಣ, ಬಲಕ್ಕೆ ಧನ. ಆದ್ದರಿಂದ ಅಲ್ಲಿ ಸ್ಥಾನೀಯ ಕನಿಷ್ಠ, ಬೆಲೆ 3√3/2, ಅಂದರೆ ಸುಮಾರು 2.598. ಸಮಮಿತಿಯಿಂದ −√3ರಲ್ಲಿ ಸ್ಥಾನೀಯ ಗರಿಷ್ಠ, ಬೆಲೆ −2.598. ಗರಿಷ್ಠವು ಕನಿಷ್ಠಕ್ಕಿಂತ ಕೆಳಗಿದೆ! ಲೆಕ್ಕ ತಪ್ಪಿಲ್ಲ: ಎರಡೂ ಬೇರೆ ಬೇರೆ ಶಾಖೆಗಳ ಮೇಲಿವೆ, ನಡುವೆ ರೇಖೆ ಎರಡು ಕಡೆ ತುಂಡಾಗಿದೆ.

ಇದೇ ತುಂಡಿನಿಂದ ಇನ್ನೊಂದು ತಪ್ಪು ಹುಟ್ಟುತ್ತದೆ. −√3 ಮತ್ತು √3ರ ನಡುವೆ, 0 ಮತ್ತು ±1 ಬಿಟ್ಟರೆ, f′ ಎಲ್ಲೆಡೆ ಋಣವೇ. ಹಾಗೆಂದು ಆ ಇಡೀ ಅಂತರದಲ್ಲಿ f ಇಳಿಯುತ್ತದೆ ಎಂದು ಬರೆಯುವಂತಿಲ್ಲ. f(−1.5) = −2.7, ಅದರ ಬಲಕ್ಕಿರುವ f(−0.5) ಸುಮಾರು 0.167. ಇಳಿಕೆಯ ಮಾತು (−√3, −1), (−1, 1), (1, √3) ಎಂಬ ಮೂರು ಅಂತರಗಳಲ್ಲಿ ಪ್ರತ್ಯೇಕವಾಗಿ ಮಾತ್ರ ಸರಿ.

x = 0ರಲ್ಲಿ f″ ಕೂಡ ಸೊನ್ನೆ, ಆದ್ದರಿಂದ ಎರಡನೆಯ ನಿಷ್ಪನ್ನದ ಪರೀಕ್ಷೆ ಅಲ್ಲಿ ಏನೂ ಹೇಳುವುದಿಲ್ಲ. ಮೊದಲನೆಯದಕ್ಕೇ ಮರಳಬೇಕು: ಸೊನ್ನೆಯ ಎರಡೂ ಪಕ್ಕದಲ್ಲಿ f′ ಋಣ, ಹಾಗಾಗಿ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. ಆದರೆ f″ ಅಲ್ಲಿ ಧನದಿಂದ ಋಣಕ್ಕೆ ತಿರುಗುತ್ತದೆ; ಮೂಲಬಿಂದು ನತಿಪರಿವರ್ತನ ಬಿಂದು, ಸ್ಪರ್ಶಕ ಅಡ್ಡಡ್ಡ. f″ನ ಚಿಹ್ನೆ ±1ರಲ್ಲೂ ಬದಲಾಗುತ್ತದಾದರೂ ಅಲ್ಲಿ ರೇಖೆಯ ಮೇಲೆ ಬಿಂದುವೇ ಇಲ್ಲ, ಆದ್ದರಿಂದ ಅವನ್ನು ನತಿಪರಿವರ್ತನ ಬಿಂದುಗಳೆಂದು ಎಣಿಸಬಾರದು.

±1ರಲ್ಲಿ f′ ಚಿಹ್ನೆ ಉಳಿಸಿಕೊಂಡು f″ ಮಾತ್ರ ಬದಲಾಯಿಸುವುದೇಕೆ? x = 1ರ ಸಮೀಪ f ಬಹುಮಟ್ಟಿಗೆ ½·1/(x − 1)ರಂತೆ ವರ್ತಿಸುತ್ತದೆ. ಒಮ್ಮೆ ಅವಕಲಿಸಿದರೆ ಛೇದದಲ್ಲಿ ವರ್ಗ ಬರುತ್ತದೆ, ಎರಡು ಬಾರಿ ಅವಕಲಿಸಿದರೆ ಘನ. ವರ್ಗಕ್ಕೆ ಎರಡೂ ಪಕ್ಕ ಒಂದೇ ಚಿಹ್ನೆ, ಘನಕ್ಕೆ ಇಲ್ಲ. ಛೇದದ ಅಪವರ್ತನವೇ (x − 1)² ಆಗಿದ್ದರೆ ಫಲ ತಿರುಗುಮುರುಗು: ಅನಂತಸ್ಪರ್ಶಕದಲ್ಲಿ f′ ಚಿಹ್ನೆ ಬದಲಾಯಿಸುತ್ತದೆ, f″ ಬದಲಾಯಿಸುವುದಿಲ್ಲ. ಅಂಶ ಮತ್ತು ಛೇದಗಳ ಸಾಮಾನ್ಯ ಅಪವರ್ತನಗಳನ್ನು ಹೊಡೆದುಹಾಕಿದ ಮೇಲೆ ಛೇದದಲ್ಲಿ ಉಳಿಯುವ ಘಾತ ಬೆಸವೋ ಸಮವೋ ಎಂಬುದೇ ಇದನ್ನು ತೀರ್ಮಾನಿಸುತ್ತದೆ.

ಓರೆ ಅನಂತಸ್ಪರ್ಶಕದ ಯಾವ ಪಕ್ಕದಲ್ಲಿ ರೇಖೆ ಇದೆ ಎಂಬುದನ್ನೂ f″ ತಿಳಿಸುತ್ತದೆ. ಪಠ್ಯಗಳು ಇದಕ್ಕೆ ಸಾಕಷ್ಟು ಗಮನ ಕೊಟ್ಟಿಲ್ಲವೆಂದು ನನ್ನ ಅಭಿಪ್ರಾಯ. g(x) = f(x) − x ಇರಲಿ; g″ = f″. x > 1 ಆದಾಗ g″ ಧನ, ಆದ್ದರಿಂದ g′ ಏರುತ್ತಲೇ ಹೋಗುತ್ತದೆ. ಆದರೆ ಅದರ ಸೀಮೆ ಸೊನ್ನೆ. ಸೊನ್ನೆಯತ್ತ ಏರಬೇಕಾದರೆ g′ ಋಣವೇ ಆಗಿರಬೇಕು, ಅಂದರೆ g ಇಳಿಯುತ್ತ ಸೊನ್ನೆಗೆ ಹೋಗುತ್ತದೆ, ಆದ್ದರಿಂದ g ಧನ. ಹೀಗಾಗಿ ಬಲಶಾಖೆ ಪೂರ್ತಿಯಾಗಿ y = x ಗೆರೆಯ ಮೇಲಿದೆ. x = 3ರಲ್ಲಿ ಅಂತರ 0.375, x = 10ರಲ್ಲಿ ಸುಮಾರು 0.101. ಎಡಶಾಖೆ ಗೆರೆಯ ಕೆಳಗೆ. ನಡುಶಾಖೆ ಮಾತ್ರ ಅದೇ ಗೆರೆಯನ್ನು ಮೂಲಬಿಂದುವಿನಲ್ಲಿ ದಾಟುತ್ತದೆ. ಅನಂತಸ್ಪರ್ಶಕವನ್ನು ರೇಖೆ ಮುಟ್ಟಲಾರದು ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ತರಗತಿಯಲ್ಲಿ ಚಿಹ್ನೆಗಳ ಕೋಷ್ಟಕ ಬರೆಸುವ ಅಧ್ಯಾಪಕರಲ್ಲಿ ಒಂದು ವಿನಂತಿ: −√3, 0, √3ರ ಸಾಲಿನಲ್ಲೇ −1 ಮತ್ತು 1ನ್ನೂ ಬರೆಸಿ, ಪಕ್ಕದಲ್ಲಿ ಛೇದದ ಘಾತವನ್ನೂ ನಮೂದಿಸಲು ಹೇಳಿ.