ಬಸುರಿನಲ್ಲಿ ಮೂರ್ಛೆರೋಗದ ಔಷಧ ಮತ್ತು ಫೋಲಿಕ್ ಆಮ್ಲ: ತಿಳಿವಳಿಕೆ ಬೆಳೆದ ಬಗೆ

ಮೂರ್ಛೆರೋಗದ ಔಷಧ ಗರ್ಭಕ್ಕೆ ಕೆಡುಕು ಮಾಡೀತೆಂಬ ಶಂಕೆ ಗಟ್ಟಿಯಾಗಿ ಕೇಳಿಬಂದದ್ದು 1968ರಲ್ಲಿ, ಬ್ರಿಟನ್ನಿನ ವೈದ್ಯ ರಾಯ್ ಮೆಡೋ ಇಂಥ ಔಷಧ ಸೇವಿಸಿದ ತಾಯಂದಿರ ಶಿಶುಗಳಲ್ಲಿ ಕಂಡ ಸೀಳುತುಟಿಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಗೆ ಬರೆದಾಗ. 1982ರಲ್ಲಿ ಫ್ರಾನ್ಸಿನ ಲಿಯೋನ್‌ನಿಂದ ಬಂದ ವರದಿ, ಶಿಶುವಿನ ಬೆನ್ನುಮೂಳೆ ಪೂರ್ತಿ ಕೂಡಿಕೊಳ್ಳದೆ ಉಳಿಯುವ ಸ್ಪೈನಾ ಬೈಫಿಡಾ ಎಂಬ ದೋಷಕ್ಕೂ ವಾಲ್ಪ್ರೊಯೇಟ್ ಔಷಧಕ್ಕೂ ಇರುವ ನಂಟನ್ನು ತೋರಿಸಿತು. ಆದರೆ ಎಲ್ಲ ಔಷಧಗಳೂ ಒಂದೇ ಬಗೆಯವಲ್ಲವೆಂಬುದು ಖಚಿತವಾಗಲು, ಸಾವಿರಾರು ಬಸುರುಗಳನ್ನು ಮೊದಲಿನಿಂದಲೇ ದಾಖಲಿಸಿಕೊಳ್ಳುವ ನೋಂದಣಿಗಳು ಬೇಕಾದವು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಲ್ಲಿ ಆರಂಭವಾದ ಕೇರಳದ ನೋಂದಣಿಯೂ ಅವುಗಳಲ್ಲಿ ಒಂದು. ಯೂರಾಪ್ ಎಂಬ ಅಂತರರಾಷ್ಟ್ರೀಯ ನೋಂದಣಿಯ 2018ರ ವರದಿಯಂತೆ ದೊಡ್ಡ ಅಂಗದೋಷಗಳು ವಾಲ್ಪ್ರೊಯೇಟ್ ಪಡೆದವರಲ್ಲಿ ಶೇ. 10.3ರಷ್ಟಿದ್ದರೆ, ಲ್ಯಾಮೋಟ್ರಿಜಿನ್ ಮತ್ತು ಲೆವೆಟಿರಾಸಿಟಮ್ ಪಡೆದವರಲ್ಲಿ ಶೇ. 3ಕ್ಕಿಂತ ಕಡಿಮೆ ಇದ್ದವು.

ಮುಂದೆ ಸಂಶೋಧನೆಯ ಗಮನ ತಾಯಿಯ ರಕ್ತದಲ್ಲಿರುವ ಔಷಧದ ಮಟ್ಟದತ್ತ ಹೊರಳಿತು. ಬಸುರಿನಲ್ಲಿ ಏರುವ ಈಸ್ಟ್ರೋಜನ್ ಯಕೃತ್ತನ್ನು ಚುರುಕುಗೊಳಿಸಿ ಲ್ಯಾಮೋಟ್ರಿಜಿನ್ ಬೇಗನೆ ದೇಹದಿಂದ ಹೊರಹೋಗುವಂತೆ ಮಾಡುವುದರಿಂದ, ಮಾತ್ರೆ ತಪ್ಪಿಸದಿದ್ದರೂ ಸೆಳವು ಮರಳಬಹುದು. ಉದಾಹರಣೆಗೆ, ಬಸುರಿಗೆ ಮುಂಚೆ ರಕ್ತದ ಪ್ರತಿ ಮಿಲಿಲೀಟರಿನಲ್ಲಿ 6 ಮೈಕ್ರೋಗ್ರಾಂ ಔಷಧವಿದ್ದು ಸೆಳವು ಹತೋಟಿಯಲ್ಲಿದ್ದವಳಿಗೆ, ಅದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿದು 4ಕ್ಕಿಂತ ಕೆಳಗಿಳಿದರೆ ಅಪಾಯ ಏರುತ್ತದೆ. ಆಗ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಅದನ್ನು ಮತ್ತೆ ಇಳಿಸದಿದ್ದರೆ ತಲೆಸುತ್ತು, ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು ಮುಂತಾದ ವಿಷಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಬಸುರು ತಿಳಿದೊಡನೆ ಹೆದರಿ ಔಷಧ ಬಿಡುವುದರಿಂದ ದಕ್ಕುವ ಲಾಭ ಅಲ್ಪ. ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ; ಆ ಹೊತ್ತಿಗೆ ಮುಟ್ಟು ನಿಂತು ಕೇವಲ ಎರಡು ವಾರವಾಗಿರುತ್ತದೆ. ದಿಢೀರನೆ ಬಿಟ್ಟ ಔಷಧದಿಂದ ಬರುವ ದೊಡ್ಡ ಸೆಳವಾದರೋ ತಾಯಿಯ ಪ್ರಾಣಕ್ಕೇ ಎರವಾಗಬಲ್ಲದು.

ನರನಾಳ ಸರಿಯಾಗಿ ಮುಚ್ಚಿಕೊಳ್ಳದ ದೋಷವನ್ನು ತಡೆಯಲು ಕೊಡುವ, ಫೋಲಿಕ್ ಆಮ್ಲದ ಹೆಚ್ಚಿನ ಪ್ರಮಾಣದ ಸಲಹೆಗೆ ಮೂಲ 1991ರ ಬ್ರಿಟಿಷ್ ಪ್ರಯೋಗ: ನರನಾಳದೋಷದ ಮಗುವನ್ನು ಹಿಂದೆ ಹೆತ್ತಿದ್ದವರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ಆ ದೋಷದ ಮರುಕಳಿಕೆ ಶೇ. 72ರಷ್ಟು ತಗ್ಗಿತು. ವಿಚಿತ್ರವೆಂದರೆ, ಆ ಪ್ರಯೋಗದಿಂದ ಮೂರ್ಛೆರೋಗವಿದ್ದವರನ್ನು ಹೊರಗಿಡಲಾಗಿತ್ತು. ಫೆನಿಟಾಯಿನ್‌ನಂಥ ಔಷಧಗಳು ರಕ್ತದ ಫೋಲೇಟನ್ನು ತಗ್ಗಿಸುತ್ತವೆ, ವಾಲ್ಪ್ರೊಯೇಟ್ ಅದರ ಬಳಕೆಗೆ ಅಡ್ಡಿಯಾಗುತ್ತದೆ ಎಂಬ ತರ್ಕದಿಂದಲೇ ಈ ಸಲಹೆ ಅವರಿಗೂ ಹಬ್ಬಿತು. ಹೆಚ್ಚಿನ ಪ್ರಮಾಣಕ್ಕೆ ಮಿತಿಯೂ ಇರಬಹುದೆಂಬ ಎಚ್ಚರಿಕೆ 2022ರ ನಾರ್ಡಿಕ್ ಅಧ್ಯಯನದಿಂದ ಬಂದಿತು. ಅದು ಹೆಚ್ಚು ಪ್ರಮಾಣ ಸೇವಿಸಿದ ಮೂರ್ಛೆರೋಗಿ ತಾಯಂದಿರ ಮಕ್ಕಳಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚಿರುವುದನ್ನು ಕಂಡಿತಾದರೂ, ಕಾರ್ಯಕಾರಣ ಸಂಬಂಧವನ್ನು ಸಾಧಿಸಲಿಲ್ಲ. ಬ್ರಿಟನ್ನಿನಲ್ಲಿ ಗರ್ಭಧಾರಣೆಗೆ ಮುಂಚಿನಿಂದ ಹನ್ನೆರಡನೆಯ ವಾರದವರೆಗೆ 5 ಮಿಲಿಗ್ರಾಂ ಹೇಳಿದರೆ, ಅಮೆರಿಕದ ನರವೈದ್ಯರ ಅಕಾಡೆಮಿಯ 2024ರ ಮಾರ್ಗಸೂಚಿ ಕನಿಷ್ಠ 0.4 ಮಿಲಿಗ್ರಾಂ ಎಂದಷ್ಟೇ ಹೇಳುತ್ತದೆ.